ಕಣ್ಣಿಗೆ ಕಾಣುವ ಪಿಡಿಎಫ್, ಕಿವಿಗೆ ಕೇಳದ ಪ್ರಬಂಧ

ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಆಚೆ ಒಂದು ಮನೆ. ಅಲ್ಲಿರುವ ಒಬ್ಬ ಯುವಕರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಮೊಬೈಲ್ ಬಳಸುವುದರಲ್ಲಿ ಮಾತ್ರ ಅವರು ನಮಗಿಂತ ಚುರುಕು. ಆಂಡ್ರಾಯ್ಡ್ ಫೋನಿನಲ್ಲೇ ಇರುವ ಟಾಕ್‌ಬ್ಯಾಕ್ ಎಂಬ ಓದುವ ಧ್ವನಿಯನ್ನು ಎಷ್ಟು ವೇಗದಲ್ಲಿ ಇಟ್ಟುಕೊಂಡಿದ್ದಾರೆ ಎಂದರೆ ಪಕ್ಕದಲ್ಲಿ ಕೂತ ನಮಗೆ ಒಂದು ಪದವೂ ಹಿಡಿಯುವುದಿಲ್ಲ.

ಎಂಡೋಸಲ್ಫಾನ್ ವಿಷಯದ ಸುದ್ದಿಗೆಂದು ನಾವು ಆ ಕಡೆ ಹೋದಾಗ ಅವರು ಒಂದು ಮಾತು ಹೇಳಿದರು. "ವಿಜ್ಞಾನಿಗಳು ಬರೆದ ಪೇಪರ್ ಉಂಟಂತಲ್ಲ. ಅದರಲ್ಲಿ ಹಾಗೆ ಉಂಟು, ಹೀಗೆ ಉಂಟು ಅಂತ ಎಲ್ಲರೂ ಹೇಳ್ತಾರೆ. ಸಣ್ಣದಿರುವಾಗಿನಿಂದ ಕೇಳಿ ಕೇಳಿ ಸಾಕಾಯ್ತು. ನಂಗೆ ಅದನ್ನು ನಾನೇ ಓದ್ಬೇಕು ಮಾರಾಯ್ರೆ."

ಪೇಪರ್ ಅವರ ವಾಟ್ಸಾಪ್‌ನಲ್ಲೇ ಇತ್ತು. ಯಾರೋ ಜೆರಾಕ್ಸ್ ಪ್ರತಿಯ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸಿದ್ದರು. ತೆರೆದಾಗ ಫೋನು ಪುಟದ ಸಂಖ್ಯೆಯನ್ನಷ್ಟೇ ಹೇಳಿತು. ಮುಂದಿನ ಪುಟಕ್ಕೆ ಹೋದರೂ ಅದೇ. ನಮ್ಮ ಕಣ್ಣಿಗೆ ಅಕ್ಷರ ತುಂಬಿದ ಪುಟಗಳು ಕಾಣುತ್ತಿದ್ದವು, ಅವರ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಆ ಪೇಪರನ್ನು ಅವರು ಓದುವ ಹಾಗೆ ಮಾಡಿಕೊಡುತ್ತೇವೆ ಎಂದು ನಾವು ಒಪ್ಪಿಕೊಂಡೆವು. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆವು. ಮೂರು ಸಲ ಎಡವಿದ ಮೇಲೆ ನಾಲ್ಕನೆಯ ಸಲ ಸರಿಯಾಯಿತು. ಇದರಿಂದ ನಮಗೆ ಒಂದು ವಿಷಯ ಖಾತ್ರಿಯಾಯಿತು: ಈ ಕೆಲಸ ಆಗಬೇಕಾದ್ದು ಪೇಪರ್ ಬರೆಯುವವರ ಮೇಜಿನ ಮೇಲೆ, ಬರೆಯುವ ಹೊತ್ತಿನಲ್ಲೇ. ಅಲ್ಲಿ ಅದು ಅರ್ಧ ಗಂಟೆಯ ಕೆಲಸ. ಆಮೇಲೆ ಬೇರೆಯವರು ಮಾಡಲು ಹೊರಟರೆ ದಿನಗಟ್ಟಲೆಯ ರಗಳೆ.

ಆ ಪೇಪರ್‌ನಲ್ಲಿ ಇರುವುದೇನು

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಅಧ್ಯಯನ ಅದು. 2003ರಲ್ಲಿ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್' ಎಂಬ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಪಕ್ಕದ ಕಾಸರಗೋಡಿನಲ್ಲಿ, 20 ವರ್ಷಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಗೇರು ತೋಟದ ಗುಡ್ಡದ ಬುಡದ ಹಳ್ಳಿಯೊಂದರ 117 ಶಾಲಾ ಹುಡುಗರನ್ನು ಅವರು ಪರೀಕ್ಷಿಸಿದರು. ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. ಎಲ್ಲರೂ 10ರಿಂದ 19 ವರ್ಷದೊಳಗಿನವರು. ಅವರಲ್ಲಿ ಕೆಲವರ ರಕ್ತವನ್ನೂ ಪರೀಕ್ಷೆ ಮಾಡಿದರು.

ಸಿಂಪಡಣೆ ಆದ ಹಳ್ಳಿಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಇತ್ತು. ಬೇರೆ ಊರಿನವರಲ್ಲಿ 1.37 ಪಿಪಿಬಿ. ಒಂದು ಪಿಪಿಬಿ ಎಂದರೆ ನೂರು ಕೋಟಿ ಭಾಗದಲ್ಲಿ ಒಂದು ಭಾಗ. ಈ ವಿಷಕ್ಕೆ ಒಡ್ಡಿಕೊಂಡ ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗಬಹುದು, ಲೈಂಗಿಕ ಹಾರ್ಮೋನು ತಯಾರಾಗುವುದಕ್ಕೆ ಅಡ್ಡಿಯಾಗಬಹುದು ಎಂದು ಲೇಖಕರು ಬರೆದರು. ಕೊನೆಯಲ್ಲಿ ತಮ್ಮ ಅಧ್ಯಯನದ ಮಿತಿಯನ್ನೂ ಹೇಳಿದರು: ಪರೀಕ್ಷೆಗೆ ಸಿಕ್ಕ ಮಕ್ಕಳ ಸಂಖ್ಯೆ ಸಣ್ಣದು, ಕೆಲವರು ಭಾಗವಹಿಸಲಿಲ್ಲ.

ಕೊಕ್ಕಡದ ಆ ಯುವಕರಿಗೆ ಬೇಕಾದದ್ದು ಇದೇ. ಈ ಪೇಪರ್‌ನ ವಿಷಯ ಕಣ್ಣಿನ ದೃಷ್ಟಿ ಅಲ್ಲ. ತಮ್ಮ ಕಣ್ಣಿನ ಬಗ್ಗೆ ಇದು ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ ಎಂಬುದನ್ನು ಅವರು ತಾವೇ ಓದಿ ತಿಳಿಯಬೇಕಿತ್ತು. ಇಷ್ಟು ವರ್ಷ ಅವರ ಬದಲಿಗೆ ಬೇರೆಯವರು ಓದಿ, ತಮಗೆ ಬೇಕಾದಷ್ಟನ್ನು ಹೇಳುತ್ತಿದ್ದರು. ಮಿತಿಯ ಆ ಮಾತನ್ನು ಅವರಿಗೆ ಒಬ್ಬರೂ ಹೇಳಿರಲಿಲ್ಲ.

ಪೇಪರ್ ಇಂಗ್ಲಿಷಿನಲ್ಲಿದೆ. ನಾವು ಅದರ ಕಟ್ಟನ್ನು ಹಾಗೇ ಉಳಿಸಿಕೊಂಡು ನಾಲ್ಕು ಪುಟದ ಕನ್ನಡ ರೂಪ ಬರೆದೆವು. ಹಿನ್ನೆಲೆ, ವಿಧಾನ, ಫಲಿತಾಂಶ, ಚರ್ಚೆ, ಮಿತಿಗಳು ಎಂಬ ಭಾಗಗಳು, ಒಂದು ಕೋಷ್ಟಕ, ರಕ್ತದ ಆ ಎರಡು ಸಂಖ್ಯೆಗಳನ್ನು ತೋರಿಸುವ ಒಂದು ಚಿತ್ರ.

ಮೊದಲ ಎಡವಟ್ಟು: ಅಕ್ಷರವೇ ಅಕ್ಷರವಲ್ಲ

ಮೂಡುಬಿದಿರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆವು. ಪರದೆಯ ಮೇಲೆ ಅಂದದ ಕನ್ನಡ. ಪಿಡಿಎಫ್ ಕಳಿಸಿ ಹತ್ತು ನಿಮಿಷಕ್ಕೆ ಫೋನ್ ಬಂತು. "ಇದು ಎಂತ ಭಾಷೆ ಮಾರಾಯ್ರೆ? ಪಿ, ಪೌಂಡ್, ಕ್ಯೂ ಅಂತ ಓದ್ತದೆ!"

ಕಾರಣ ನುಡಿಯ ಹಳೆಯ ಅಕ್ಷರಶೈಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ತೋರಿಸಲು ಒಂದು ಉಪಾಯ ಮಾಡಿದ್ದರು. ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನೇ ಇಟ್ಟು, ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುವುದು. 'ಕನ್ನಡ' ಎಂದು ನಮಗೆ ಕಾಣುವ ಪದ ಕಡತದ ಒಳಗೆ ಹೀಗಿರುತ್ತದೆ:

```
PÀ£ÀßqÀ
```

ಕಣ್ಣಿರುವವರು ನೋಡುವುದು ಹೊದಿಕೆಯನ್ನು. ಓದುವ ಧ್ವನಿ ಓದುವುದು ಒಳಗಿರುವುದನ್ನು. ಅದರ ಮೇಲೆ ಎಷ್ಟು ಟ್ಯಾಗ್ ಹಾಕಿದರೂ ಪ್ರಯೋಜನವಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಹಳೆಯದನ್ನು ಪರಿವರ್ತಿಸುವ ಸೌಲಭ್ಯವೂ ಇದೆ. ಆದರೂ ನಮ್ಮ ಊರುಗಳಲ್ಲಿ ಹಳೆಯ ಅಭ್ಯಾಸವೇ ನಡೆದುಕೊಂಡು ಬಂದಿದೆ. ಮುದ್ರಣ ಚಂದ ಬಂದರೆ ಸಾಕು ಎಂಬ ಲೆಕ್ಕ.

ಇದನ್ನು ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಲ್ಲಿ ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿ. ಅದೇ ಕನ್ನಡ ಬಂದರೆ ಸರಿ. ಇಂಗ್ಲಿಷ್ ಚಿಹ್ನೆಗಳು ಬಂದರೆ ಹಳೆಯ ಅಕ್ಷರಶೈಲಿ. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಬರೀ ಫೋಟೋ. ಯೂನಿಕೋಡ್‌ನಲ್ಲಿದ್ದರೂ ಒಮ್ಮೊಮ್ಮೆ ಒತ್ತಕ್ಷರಗಳು ಜಾಗ ಬದಲಿಸಿಕೊಂಡು ಬರುತ್ತವೆ. ಆದ್ದರಿಂದ 'ಪರೀಕ್ಷೆ', 'ಸಂಖ್ಯೆ'ಯಂಥ ಒತ್ತಕ್ಷರ ಇರುವ ಪದಗಳನ್ನೇ ಆರಿಸಿ ನೋಡಬೇಕು.

ಎರಡನೆಯದು: ದಪ್ಪ ಅಕ್ಷರ ತಲೆಬರಹವಲ್ಲ

ಯೂನಿಕೋಡ್‌ನಲ್ಲಿ ನಾವೇ ಮತ್ತೆ ಟೈಪ್ ಮಾಡಿದೆವು. 'ವಿಧಾನ', 'ಫಲಿತಾಂಶ' ಮುಂತಾದ ತಲೆಬರಹಗಳ ಗಾತ್ರ ಹೆಚ್ಚಿಸಿ, ದಪ್ಪ ಮಾಡಿ, ಬಣ್ಣ ಹಾಕಿದೆವು. ಈ ಸಲ ಅವರಿಗೆ ಅಕ್ಷರ ಕೇಳಿತು. ಆದರೆ ಅವರು ಕೇಳಿದ ಪ್ರಶ್ನೆಗೆ ನಾವು ಬಾಯಿ ಮುಚ್ಚಬೇಕಾಯಿತು. "ಇದರಲ್ಲಿ ತಲೆಬರಹವೇ ಇಲ್ವಲ್ಲ? ಮಿತಿಗಳು ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೆ ಮೊದಲಿನಿಂದ ಕೊನೆಯವರೆಗೆ ಕೇಳ್ಬೇಕಾ?"

ಕಣ್ಣಿನಿಂದ ಓದುವವರು ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವುದೇ ಇಲ್ಲ. ಸಾರಾಂಶ ನೋಡುತ್ತಾರೆ, ಫಲಿತಾಂಶಕ್ಕೆ ಜಿಗಿಯುತ್ತಾರೆ, ಅನುಮಾನ ಬಂದರೆ ವಿಧಾನಕ್ಕೆ ವಾಪಸ್ ಬರುತ್ತಾರೆ. ಕಿವಿಯಿಂದ ಓದುವವರಿಗೂ ಈ ಜಿಗಿತ ಬೇಕು. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಆಸ್ಟ್ರೇಲಿಯದ ಇಬ್ಬರು ಅಂಧ ಯುವಕರು ಶುರು ಮಾಡಿದ್ದು. ಅದರಲ್ಲಿ `H` ಒತ್ತಿದರೆ ಮುಂದಿನ ತಲೆಬರಹ, `T` ಒತ್ತಿದರೆ ಮುಂದಿನ ಕೋಷ್ಟಕ. ಆದರೆ ಅದಕ್ಕೆ ತಲೆಬರಹ ಯಾವುದೆಂದು ಗೊತ್ತಾಗಬೇಕಲ್ಲ? ದಪ್ಪ, ಬಣ್ಣ, ಗಾತ್ರ ಎಲ್ಲವೂ ಕಣ್ಣಿಗೆ ಮಾಡಿದ ಅಲಂಕಾರ. ಎನ್‌ವಿಡಿಎಗೆ ಅದು ಇನ್ನೊಂದು ಸಾದಾ ಸಾಲು.

ವರ್ಡ್‌ನಲ್ಲಿ Home ಪಟ್ಟಿಯ Styles ಎಂಬಲ್ಲಿ Heading 1, Heading 2 ಎಂದು ಇರುತ್ತದೆ. ಪೇಪರ್‌ನ ಹೆಸರಿಗೆ Heading 1. ಹಿನ್ನೆಲೆ, ವಿಧಾನ, ಫಲಿತಾಂಶ ಮುಂತಾದವಕ್ಕೆ Heading 2. ವಿಧಾನದ ಒಳಗಿನ 'ರಕ್ತ ಪರೀಕ್ಷೆ'ಯಂಥ ಉಪಭಾಗಕ್ಕೆ Heading 3. ಒಂದರಿಂದ ನೇರ ಮೂರಕ್ಕೆ ಹಾರಬಾರದು. ಹಾರಿದರೆ ಕೇಳುವವರು ನಡುವೆ ಏನೋ ತಪ್ಪಿಹೋಯಿತು ಎಂದು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಆಕಾರ ಇಷ್ಟವಾಗದಿದ್ದರೆ ಆ ಸ್ಟೈಲ್‌ನ ಬಣ್ಣ, ಗಾತ್ರ ಬದಲಿಸಿಕೊಳ್ಳಬಹುದು.

ಸರಿಯಾಗಿದೆಯೇ ಎಂದು ನೋಡಲು View ಪಟ್ಟಿಯಲ್ಲಿ Navigation Pane ತೆರೆಯಿರಿ. ಎಡಗಡೆ ತಲೆಬರಹಗಳ ಪಟ್ಟಿ ಬರಬೇಕು. ನಮ್ಮ ಎರಡನೆಯ ಪ್ರತಿಯಲ್ಲಿ ಅದು ಖಾಲಿ ಇತ್ತು. ಸ್ಟೈಲ್ ಹಾಕಲು ನಮಗೆ ಹಿಡಿದದ್ದು ನಾಲ್ಕು ನಿಮಿಷ.

ಭಾಷೆಯನ್ನೂ ಇಲ್ಲೇ ಹೇಳಿಬಿಡಬೇಕು. ಬರಹ ಪೂರ್ತಿ ಆಯ್ಕೆ ಮಾಡಿ Review ಪಟ್ಟಿಯ Language ಎಂಬಲ್ಲಿ ಕನ್ನಡ ಎಂದು ಗುರುತು ಮಾಡುವುದು. ನಡುವೆ ಇಂಗ್ಲಿಷ್ ಸಾಲಿದ್ದರೆ ಅದಕ್ಕೆ ಬೇರೆ ಗುರುತು. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೊರಟು ಒದ್ದಾಡುತ್ತದೆ.

ಚಿತ್ರಕ್ಕೆ ಮಾತು ಬರೆಯುವುದು

ತಲೆಬರಹ ಯಂತ್ರದ ಕೆಲಸ, ಚಿತ್ರದ ವಿವರಣೆಗೆ ತಲೆ ಓಡಿಸಬೇಕು. ರಕ್ತದ ಎರಡು ಸಂಖ್ಯೆಗೆ ನಾವು ಎರಡು ಕಂಬಗಳ ಚಿತ್ರ ಬಿಡಿಸಿದ್ದೆವು. ವರ್ಡ್‌ನಲ್ಲಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ View Alt Text ತೆರೆದರೆ ಬರೆಯಲು ಜಾಗ ಸಿಗುತ್ತದೆ. ಅಲ್ಲಿ ಬರೆದದ್ದು ಕಣ್ಣಿಗೆ ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಓದುತ್ತದೆ.

ನಮ್ಮ ಮೊದಲ ವಿವರಣೆ ಹೀಗಿತ್ತು: "ಎಂಡೋಸಲ್ಫಾನ್ ಪ್ರಮಾಣದ ಚಿತ್ರ." ಅವರು ಕೇಳಿ, "ಚಿತ್ರ ಉಂಟು ಅಂತ ಗೊತ್ತಾಯ್ತು. ಚಿತ್ರದಲ್ಲಿ ಎಂತ ಉಂಟು?" ಎಂದರು. ಎರಡನೆಯ ಸಲ ನಾವು ಅತಿಯಾಗಿ ಬರೆದೆವು. ಕಂಬದ ಬಣ್ಣ ಕೆಂಪು, ಹಿನ್ನೆಲೆ ಬಿಳಿ, ಅಕ್ಷರ ಕಪ್ಪು. ಅವರಿಗೆ ಅದರಲ್ಲಿ ಒಂದೂ ಬೇಕಿರಲಿಲ್ಲ. ಕೊನೆಗೆ ನಿಂತದ್ದು ಇದು:

"ಎರಡು ಕಂಬಗಳ ಚಿತ್ರ. ಸಿಂಪಡಣೆ ಆದ ಹಳ್ಳಿಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಸಿಂಪಡಣೆ ಆಗದ ಊರಿನವರಲ್ಲಿ 1.37 ಪಿಪಿಬಿ. ಮೊದಲ ಕಂಬ ಎರಡನೆಯದಕ್ಕಿಂತ ಐದು ಪಟ್ಟಿಗೂ ಹೆಚ್ಚು ಎತ್ತರ."

ಕಣ್ಣಿರುವವರು ಆ ಚಿತ್ರವನ್ನು ನೋಡಿ ಎದ್ದು ಹೋಗುವಾಗ ಮನಸ್ಸಿನಲ್ಲಿ ಏನು ಇಟ್ಟುಕೊಂಡು ಹೋಗುತ್ತಾರೋ ಅದನ್ನು ಬರೆಯಬೇಕು. ಏನಿನ ಚಿತ್ರ, ಯಾವುದು ಹೆಚ್ಚು, ಎಷ್ಟು ಹೆಚ್ಚು. ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಶೀರ್ಷಿಕೆಯನ್ನೇ ಮತ್ತೆ ಬರೆದರೆ ಕೇಳುವವರಿಗೆ ಅದೇ ಮಾತು ಎರಡು ಸಲ. ಮೂವತ್ತು ಸಂಖ್ಯೆ ಇರುವ ದೊಡ್ಡ ನಕ್ಷೆಯಾದರೆ ವಿವರಣೆಯಲ್ಲಿ ಏರಿಳಿತದ ಸಾರಾಂಶ ಮಾತ್ರ ಸಾಕು, ಸಂಖ್ಯೆಗಳನ್ನು ಪಕ್ಕದಲ್ಲಿ ಕೋಷ್ಟಕವಾಗಿ ಕೊಡಬೇಕು. ಕೋಷ್ಟಕವನ್ನು ಫೋಟೋ ತೆಗೆದು ಅಂಟಿಸಬಾರದು. ಅದರ ಮೊದಲ ಸಾಲಿಗೆ Repeat Header Rows ಎಂದು ಗುರುತು ಮಾಡಿದರೆ 7.47 ಎಂದು ಓದುವಾಗ ಅದು ಯಾವ ಕಂಬಸಾಲಿನದು ಎಂಬುದನ್ನೂ ಸ್ಕ್ರೀನ್ ರೀಡರ್ ಹೇಳುತ್ತದೆ.

ಇನ್ನೊಂದು ಸಣ್ಣ ಸಂಗತಿ. ಮೂಲದಲ್ಲಿ ಆ ಸಂಖ್ಯೆ 7.47 ± 1.19 ಎಂದಿದೆ. ನಡುವಿನ ಆ ಚಿಹ್ನೆಯನ್ನು ಕೆಲವು ಧ್ವನಿಗಳು ನುಂಗಿಬಿಡುತ್ತವೆ. ಆಗ ಎರಡು ಸಂಖ್ಯೆ ಅಕ್ಕಪಕ್ಕ ಕೇಳಿಸಿ ಅರ್ಥವೇ ಕೆಡುತ್ತದೆ. ನಾವು "ಸರಾಸರಿ 7.47, ಪ್ರಮಾಣಿತ ದೋಷ 1.19" ಎಂದು ಮಾತಿನಲ್ಲೇ ಬರೆದೆವು.

ಬಣ್ಣ ಎಲ್ಲೂ ಬೇಡ ಎಂದಲ್ಲ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಅಡಿಕೆಯೇ ಅಲ್ಲಿಯ ಮುಖ್ಯ ವಿಷಯ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಯಾರಾದರೂ ಬರೆದು ಸೋಗೆಯ ಫೋಟೋ ಹಾಕಿದರೆ, ಅಲ್ಲಿ ಬಣ್ಣವೇ ರೋಗದ ಗುರುತು. "ರೋಗ ಬಂದ ಅಡಿಕೆ ಎಲೆ" ಎಂದು ಬರೆದರೆ ಏನು ಬಂತು? "ಎಲೆಯ ಮೇಲೆ ಚದುರಿದ ಕಂದು ಚುಕ್ಕಿಗಳು, ಪ್ರತಿ ಚುಕ್ಕಿಯ ಸುತ್ತ ಹಳದಿ ಬಳೆ" ಎಂದು ಬರೆದರೆ ಕಣ್ಣು ಮಂಜಾದ ಕೃಷಿಕರು ಪಕ್ಕದಲ್ಲಿರುವ ಮೊಮ್ಮಗನಿಗೆ "ಹಾಗೆ ಉಂಟಾ ನೋಡು ಮಗಾ" ಎಂದು ಹೇಳಿ ಎಲೆ ಹುಡುಕಿಸಬಹುದು. ಒಂದೇ ಫೋಟೋವಿಗೂ ಪೇಪರ್ ಯಾವ ಮಾತು ಹೇಳಲು ಅದನ್ನು ಹಾಕಿದೆ ಎಂಬುದರ ಮೇಲೆ ವಿವರಣೆ ಬದಲಾಗುತ್ತದೆ. ಅದಕ್ಕೇ ಈ ಕೆಲಸ ಲೇಖಕರದ್ದು. ಚಿತ್ರ ಯಾಕೆ ಹಾಕಿದರು ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು?

ಮೂರನೆಯದು: ಕೊನೆಯ ಗುಂಡಿ

ಎಲ್ಲ ಸರಿ ಮಾಡಿ, ಪ್ರಿಂಟ್ ಕೊಡುವ ಹಾಗೆ Microsoft Print to PDF ಒತ್ತಿ ಪಿಡಿಎಫ್ ತೆಗೆದೆವು. ಮತ್ತೆ ತಲೆಬರಹ ಮಾಯ, ಚಿತ್ರದ ವಿವರಣೆ ಮಾಯ. ಮಾಡಿದ ಕೆಲಸ ಎಲ್ಲ ನೀರಿನಲ್ಲಿ ಹೋಮ.

ಪಿಡಿಎಫ್ ಮೂಲದಲ್ಲಿ ಕಾಗದದ ನಕಲು. ಈ ಅಕ್ಷರ ಪುಟದ ಈ ಜಾಗದಲ್ಲಿ ಇರಲಿ ಎಂಬುದಷ್ಟೇ ಅದಕ್ಕೆ ಗೊತ್ತು. ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ, ಇದಾದ ಮೇಲೆ ಅದನ್ನು ಓದಬೇಕು ಎಂದು ಹೇಳುವ ಒಳಗಿನ ಚೀಟಿಗಳೇ ಟ್ಯಾಗ್‌ಗಳು. 2001ರಿಂದ ಪಿಡಿಎಫ್‌ನಲ್ಲಿ ಈ ಸೌಲಭ್ಯ ಇದೆ. ನಮ್ಮ ಪ್ರತಿಯ ಚೀಟಿಗಳು ಸುಮಾರು ಹೀಗಿರಬೇಕಿತ್ತು:

```
H1      (ಪೇಪರ್‌ನ ಹೆಸರು)
H2      (ಫಲಿತಾಂಶ)
P       (ಪ್ಯಾರಾ)
Figure  (ಚಿತ್ರ, ವಿವರಣೆ ಸಹಿತ)
Table   (ಕೋಷ್ಟಕ)
```

ಪ್ರಿಂಟ್ ದಾರಿಯಲ್ಲಿ ಹೋದರೆ ಚೀಟಿಗಳು ಉದುರಿ ಬರೀ ಕಾಗದದ ನಕಲು ಉಳಿಯುತ್ತದೆ. ಸರಿಯಾದ ದಾರಿ: Save As ಎಂದು ಹೋಗಿ PDF ಆರಿಸಿ, Options ತೆರೆದು, Document structure tags for accessibility ಎಂಬಲ್ಲಿ ಟಿಕ್ ಇದೆಯೇ ನೋಡಿ ಉಳಿಸುವುದು. ಉಚಿತ ಲಿಬ್ರೆ ಆಫೀಸ್ ಬಳಸುವವರಿಗೆ ಪಿಡಿಎಫ್ ತೆಗೆಯುವ ಕಿಟಕಿಯಲ್ಲಿ Tagged PDF ಎಂಬ ಆಯ್ಕೆ ಇದೆ.

ಚೀಟಿ ಇಲ್ಲದ ಪಿಡಿಎಫ್‌ನಲ್ಲಿ ಎರಡು ಅಂಕಣದ ಪೇಪರ್ ಸಿಕ್ಕಿದರೆ ಕೇಳುವವರ ಗತಿ ಕೇಳಬೇಡಿ. ಎಡ ಅಂಕಣ ಪೂರ್ತಿ ಓದಿ ಬಲಕ್ಕೆ ಬರಬೇಕಾದ ಧ್ವನಿ ಅಡ್ಡಡ್ಡ ಓದಲು ಹೊರಡಬಹುದು. ಎಡದಲ್ಲಿ "ಹುಡುಗರ ರಕ್ತದ ಮಾದರಿಯನ್ನು", ಬಲದಲ್ಲಿ "ಸಂಖ್ಯೆ ಸಣ್ಣದಾದ್ದರಿಂದ" ಎಂದಿದ್ದರೆ "ಹುಡುಗರ ರಕ್ತದ ಮಾದರಿಯನ್ನು ಸಂಖ್ಯೆ ಸಣ್ಣದಾದ್ದರಿಂದ" ಎಂದು ಕೇಳುತ್ತದೆ. ಪ್ರತಿ ಪದ ಸರಿ, ಮಾತು ಪೂರ್ತಿ ತಪ್ಪು.

ನಾಲ್ಕನೆಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ಪರದೆ ಆರಿಸಿ ಎನ್‌ವಿಡಿಎಯಲ್ಲಿ ಕೇಳಿ ನೋಡಿದೆವು. ಪಿಎಸಿ ಎಂಬ ಉಚಿತ ತಪಾಸಣೆ ತಂತ್ರಾಂಶದಲ್ಲೂ ಹಾಕಿದೆವು. ಹಸಿರು ಗುರುತು ಬಂತು. ಆದರೆ ಆ ಹಸಿರನ್ನೇ ನಂಬಿ ಕೂರಬೇಡಿ. ಚಿತ್ರಕ್ಕೆ ವಿವರಣೆ ಇದೆಯೇ ಎಂಬುದನ್ನು ಮಾತ್ರ ಯಂತ್ರ ನೋಡುತ್ತದೆ. "ಎಂಡೋಸಲ್ಫಾನ್ ಪ್ರಮಾಣದ ಚಿತ್ರ" ಎಂಬ ನಮ್ಮ ಮೊದಲ ವಿವರಣೆಗೂ ಅದು ಹಸಿರನ್ನೇ ಕೊಡುತ್ತಿತ್ತು. ಒಬ್ಬ ಮನುಷ್ಯ ಕೂತು ಕೇಳಲೇಬೇಕು.

ಫೋನಿನ ವಿಷಯದಲ್ಲಿ ಇನ್ನೊಂದು ಮಿತಿಯನ್ನೂ ಹೇಳಬೇಕು. ಫೋನಿನ ಎಲ್ಲ ಪಿಡಿಎಫ್ ಆ್ಯಪ್‌ಗಳು ಟ್ಯಾಗ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರಿನಲ್ಲಿ ಚೆನ್ನಾಗಿ ಜಿಗಿದ ತಲೆಬರಹ ಫೋನಿನಲ್ಲಿ ಸಿಗದೆ ಇರಬಹುದು. ಆದ್ದರಿಂದ ಪಿಡಿಎಫ್ ಜೊತೆಗೆ ಅದೇ ಬರಹವನ್ನು ವೆಬ್ ಪುಟವಾಗಿ ಅಥವಾ ಇಪಬ್ ಆಗಿ ಕೊಡುವುದು ಒಳ್ಳೆಯದು. ನಾವು ಎರಡೂ ಕಳಿಸಿದೆವು. ಮೂಲದಲ್ಲಿ ತಲೆಬರಹ, ವಿವರಣೆ ಸರಿ ಇದ್ದರೆ ಯಾವ ರೂಪಕ್ಕೆ ಬೇಕಾದರೂ ಅವು ಜೊತೆಗೇ ಹೋಗುತ್ತವೆ.

ಯಾರ ಜವಾಬ್ದಾರಿ

ಇದು ನಮ್ಮ ಊರಿನ ಕೊರತೆ ಮಾತ್ರ ಎಂದುಕೊಳ್ಳಬೇಡಿ. 2014ರಿಂದ 2023ರವರೆಗೆ ಪ್ರಕಟವಾದ ಸುಮಾರು 20 ಸಾವಿರ ಸಂಶೋಧನಾ ಪಿಡಿಎಫ್‌ಗಳನ್ನು ಅಮೆರಿಕದ ಸಂಶೋಧಕರು ತಪಾಸಣೆ ಮಾಡಿ 2024ರಲ್ಲಿ ಫಲಿತಾಂಶ ಕೊಟ್ಟರು. ಅವರು ನೋಡಿದ ಎಲ್ಲ ಅಂಶಗಳಲ್ಲೂ ಪಾಸಾದವು ಶೇ. 3.2ಕ್ಕಿಂತ ಕಡಿಮೆ. ಒಂದರಲ್ಲೂ ಪಾಸಾಗದವು ಶೇ. 74.9. ಲೇಖಕರು ಪತ್ರಿಕೆಯವರು ಮಾಡುತ್ತಾರೆ ಎಂದುಕೊಳ್ಳುತ್ತಾರೆ, ಪತ್ರಿಕೆಯವರು ಲೇಖಕರು ಮಾಡಲಿ ಎನ್ನುತ್ತಾರೆ. ನಡುವೆ ಓದುಗರು ಬಡವಾಗುತ್ತಾರೆ.

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆ ಇಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಮಾಹಿತಿ ಎಲ್ಲರಿಗೂ ಎಟಕುವ ರೂಪದಲ್ಲಿ ಸಿಗುವ ಹಾಗೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಅದರ 42ನೇ ಸೆಕ್ಷನ್ ಹೇಳುತ್ತದೆ. ಈ ವಿಷಯದ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

"ನಮ್ಮೂರಲ್ಲಿ ಸಂಶೋಧನಾ ಪೇಪರ್ ಓದುವ ಕುರುಡರು ಎಷ್ಟು ಜನ ಇದ್ದಾರೆ?" ಎಂದು ಒಬ್ಬ ಉಪನ್ಯಾಸಕರು ನಮ್ಮನ್ನು ಕೇಳಿದರು. ಪೇಪರ್ ಓದಲು ಆಗದ ಹಾಗೆ ಇಟ್ಟು, ಓದುವವರು ಎಲ್ಲಿದ್ದಾರೆ ಎಂದು ಕೇಳುವುದು ಸರಿಯಲ್ಲ. ಈ ಬರಹವನ್ನು ಫೋನಿನಲ್ಲಿ ಓದುತ್ತಿರುವ ನಿಮಗೂ ಇದರಲ್ಲಿ ಪಾಲಿದೆ. ಎರಡು ಅಂಕಣದ ಪಿಡಿಎಫ್ ತೆರೆದು, ಬೆರಳಿನಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಸುಸ್ತಾಗಿ ಮುಚ್ಚಿದ ಅನುಭವ ನಿಮಗಿಲ್ಲವೇ? ಒಳಗಿನ ಕಟ್ಟು ಸರಿ ಇರುವ ಬರಹವನ್ನು ಫೋನಿನ ಅಗಲಕ್ಕೆ ಒಂದೇ ಅಂಕಣವಾಗಿ, ದೊಡ್ಡ ಅಕ್ಷರದಲ್ಲಿ ಹರಿಸಿಕೊಂಡು ಓದಲು ಬರುತ್ತದೆ.

ಮೂಡುಬಿದಿರೆಯಲ್ಲಿ ಧವಳ ಗ್ರಂಥಗಳ ತಾಳೆಗರಿಗಳಿವೆ. ಪ್ರಾಕೃತ ಭಾಷೆ, ಹಳಗನ್ನಡ ಲಿಪಿ. ಶತಮಾನಗಳ ಕಾಲ ಅವು ಬಂದವರಿಗೆ ದರ್ಶನಕ್ಕೆ ಸಿಗುತ್ತಿದ್ದವೇ ಹೊರತು ಓದಲು ಸಿಗುತ್ತಿರಲಿಲ್ಲ. ವಿದ್ವಾಂಸರು ವರ್ಷಗಟ್ಟಲೆ ಕೂತು ಪ್ರತಿ ಮಾಡಿದ ಮೇಲೆ, 1939ರಿಂದ ಅಚ್ಚಾಗತೊಡಗಿದ ಮೇಲೆ, ಲೋಕ ಅವನ್ನು ಓದಿತು. ನಮ್ಮ ಫೋನುಗಳಲ್ಲಿ ಓಡಾಡುವ ಫೋಟೋ ಪಿಡಿಎಫ್‌ಗಳೂ ದರ್ಶನಕ್ಕೆ ಮಾತ್ರ ಇರುವ ಗರಿಗಳೇ. ಅವತ್ತು ಪ್ರತಿ ಮಾಡುವುದು ನಿಜವಾಗಿಯೂ ಕಷ್ಟದ ಕೆಲಸವಾಗಿತ್ತು. ಇವತ್ತು ಲೇಖಕರು ನಾಲ್ಕು ಕಡೆ ಕ್ಲಿಕ್ ಮಾಡಿ, ಚಿತ್ರಕ್ಕೆ ಎರಡು ಸಾಲು ಬರೆದರೆ ಮುಗಿಯಿತು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ನಮ್ಮ ಜಿಲ್ಲೆಯ ಬೆಳೆ, ನೀರು, ಆರೋಗ್ಯದ ಬಗ್ಗೆ ಸಂಶೋಧನೆ ಮಾಡಿ ಪ್ರಕಟಿಸುವವರು ತಮ್ಮ ಪ್ರಬಂಧವನ್ನು ಟ್ಯಾಗ್ ಇರುವ ಪಿಡಿಎಫ್ ಆಗಿಯೂ, ಸಾಧ್ಯವಿದ್ದರೆ ವೆಬ್ ಪುಟವಾಗಿಯೂ ಕೊಡಬೇಕು. ಈ ಮೂರು ತಾಲೂಕುಗಳ ಕಾಲೇಜುಗಳು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಸ್ವೀಕರಿಸುವ ಮೊದಲು ತಲೆಬರಹದ ಪಟ್ಟಿ ಬರುತ್ತದೆಯೇ, ಚಿತ್ರಕ್ಕೆ ವಿವರಣೆ ಇದೆಯೇ ಎಂದು ಪರೀಕ್ಷಿಸಬೇಕು. ಬೈಂಡಿಂಗ್‌ನ ಬಣ್ಣ, ಅಂಚಿನ ಅಳತೆ ಎಲ್ಲ ನೋಡುವವರಿಗೆ ಇದು ಐದು ನಿಮಿಷದ ಹೆಚ್ಚುವರಿ ಕೆಲಸ. ಓದುಗರಾದ ನೀವೂ ಒಂದು ಮಾಡಬಹುದು. ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂದಾಗ ಒಂದು ಸಾಲು ಕಾಪಿ ಮಾಡಿ ನೋಡಿ. ಬರದಿದ್ದರೆ ಮುಂದಕ್ಕೆ ಕಳಿಸುವ ಮೊದಲು "ಇದರ ಮೂಲ ಕಡತ ಉಂಟಾ?" ಎಂದು ಕಳಿಸಿದವರನ್ನು ಕೇಳಿ.

ನಾಲ್ಕನೆಯ ಪ್ರತಿ ಕಳಿಸಿದ ರಾತ್ರಿ ಕೊಕ್ಕಡದಿಂದ ಫೋನ್ ಬಂತು. ಅವರು ಮೊದಲು ಹೋದದ್ದು ಫಲಿತಾಂಶಕ್ಕೆ, ಅಲ್ಲಿಂದ ನೇರ ಮಿತಿಗಳಿಗೆ. "ಇದರಲ್ಲಿ ಕಣ್ಣಿನ ವಿಷಯವೇ ಇಲ್ಲ ಅಲ್ವಾ?" ಎಂದರು. ಇಲ್ಲ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಣ್ಣಿನ ಬಗ್ಗೆ ಬರೆದ ಪೇಪರ್ ಬೇರೆ ಇದ್ದರೆ ಅದನ್ನೂ ಹೀಗೇ ಮಾಡಿ ಕೊಡಿ. ಇನ್ನು ಯಾರೂ ನಂಗೆ ಓದಿ ಹೇಳುದು ಬೇಡ" ಎಂದರು.